ಲಾಳಿ ಹಾರಿದರೆ ಏನು ಬರೆಯಬೇಕು: ಮಗ್ಗದ ರಿಪೇರಿ ಕೈಪಿಡಿಯನ್ನು ಕನ್ನಡಕ್ಕೆ ತರುವ ಬಗೆ

ಕೈಮಗ್ಗ ಮತ್ತು ಪವರ್‌ಲೂಮ್‌ಗಳ ನಿರ್ವಹಣೆಯ ಇಂಗ್ಲಿಷ್ ಕೈಪಿಡಿ ನಿಮ್ಮ ಕೈಗೆ ಬಂದಿದೆ, ಅದನ್ನು ಕನ್ನಡಕ್ಕೆ ತರಬೇಕು ಅಂದುಕೊಳ್ಳಿ. ಮೊದಲ ಪುಟದಿಂದ ಶುರು ಮಾಡಬೇಡಿ. ಮೊದಲ ಅಧ್ಯಾಯದಲ್ಲಿ ಸಾಮಾನ್ಯವಾಗಿ ಮಗ್ಗದ ಇತಿಹಾಸ ಮತ್ತು ವಿಧಗಳ ಪಟ್ಟಿ ಇರುತ್ತದೆ. ಅದನ್ನು ಯಾರು ಹೇಗೆ ಬರೆದರೂ ಯಾರ ಬೆರಳಿಗೂ ಏಟಾಗುವುದಿಲ್ಲ. ಲಾಳಿ ಹಾರುವ ಅಧ್ಯಾಯವನ್ನು ತೆಗೆದುಕೊಳ್ಳಿ. ಓಡುವ ಪವರ್‌ಲೂಮ್‌ನಿಂದ ಲಾಳಿ ಹೊರಗೆ ಚಿಮ್ಮುವುದು ಶೆಡ್‌ನಲ್ಲಿ ಎಲ್ಲರಿಗೂ ಗೊತ್ತಿರುವ ಅಪಾಯ. ಲಾಳಿಯ ಎರಡೂ ತುದಿಗೆ ಚೂಪಾದ ಲೋಹದ ಮೊನೆ ಇರುತ್ತದೆ. ಪಕ್ಕದ ಮಗ್ಗದಲ್ಲಿ ನಿಂತವರ ಮುಖಕ್ಕೇ ಅದು ಬಡಿಯಬಹುದು.

ಆ ಅಧ್ಯಾಯದಿಂದ ಶುರು ಮಾಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಲಾಳಿ ಹಾರುವುದಕ್ಕೆ ಕಾರಣ ಮಗ್ಗದ ಯಾವ ಮೂಲೆಯಲ್ಲಿ ಬೇಕಾದರೂ ಇರಬಹುದು. ಉದ್ದೆಳೆಗಳಾದ ಹಾಸು ಸರಿಯಾಗಿ ತೆರೆದುಕೊಳ್ಳುತ್ತಿಲ್ಲ, ಲಾಳಿಯನ್ನು ಹೊಡೆದು ಕಳಿಸುವ ಪಿಕ್ಕರ್ ಸವೆದಿದೆ, ಅಡ್ಡೆಳೆಯಾದ ಹೊಕ್ಕನ್ನು ಬಟ್ಟೆಗೆ ಬಡಿಯುವ ಬಾಚಣಿಗೆಯಂಥ ರೀಡ್ ಸಾಲು ತಪ್ಪಿದೆ, ಲಾಳಿಗೆ ಹೊಡೆತ ಬೀಳುವ ಹೊತ್ತು ಹಿಂದೆ ಮುಂದೆ ಆಗಿದೆ, ಹೀಗೆ. ಈ ಒಂದು ಅಧ್ಯಾಯ ಮುಗಿಸಿದರೆ ಕೈಪಿಡಿಯ ಮುಖ್ಯ ಪದಗಳೆಲ್ಲ ಒಮ್ಮೆ ನಿಮ್ಮ ಕೈ ಹಾದು ಹೋಗಿರುತ್ತವೆ.

ಹೆಸರುಗಳನ್ನು ಮಗ್ಗದ ಮುಂದೆಯೇ ಬರೆದುಕೊಳ್ಳಿ

ನಿಘಂಟು ತೆರೆಯುವ ಮೊದಲು ಓಡುವ ಮಗ್ಗ ಇರುವ ಕಡೆ ಹೋಗಿ. ದೊಡ್ಡಬಳ್ಳಾಪುರ, ಆನೇಕಲ್, ರಬಕವಿ-ಬನಹಟ್ಟಿ, ಇಳಕಲ್, ಗದಗ-ಬೆಟಗೇರಿ, ಯಾವುದು ಹತ್ತಿರವೋ ಅಲ್ಲಿಗೆ. ಒಬ್ಬರು ನೇಯುವವರು, ಒಬ್ಬರು ರಿಪೇರಿ ಮಾಡುವ ಫಿಟ್ಟರ್, ಇಬ್ಬರೂ ಬೇಕು. ಕೈಪಿಡಿಯ ಚಿತ್ರ ತೋರಿಸಿ ಕೇಳುವುದಕ್ಕಿಂತ ಭಾಗವನ್ನೇ ಮುಟ್ಟಿ "ಇದಕ್ಕೆ ಏನಂತೀರಿ?" ಎಂದು ಕೇಳುವುದು ಒಳ್ಳೆಯದು. ಇಂಗ್ಲಿಷ್ ಹೆಸರನ್ನು ನೀವಾಗಿ ಬಾಯಿಬಿಡಬೇಡಿ. ನೀವು ಒಮ್ಮೆ ಹೇಳಿದರೆ ಅವರೂ ಮರ್ಯಾದೆಗೆ ಅದನ್ನೇ ಹೇಳುತ್ತಾರೆ.

ಆಗ ಪದಗಳು ತಾವಾಗಿಯೇ ಎರಡು ಗುಂಪಾಗುತ್ತವೆ. ನೂಲಿಗೆ, ಬಟ್ಟೆಗೆ ಸೇರಿದವು ಹೆಚ್ಚಾಗಿ ಕನ್ನಡದಲ್ಲೇ ಇರುತ್ತವೆ: ಹಾಸು, ಹೊಕ್ಕು, ಎಳೆ, ಲಾಳಿ, ಕಂಡಿಕೆ, ಹುರಿ, ಗಂಜಿ, ಜರಿ, ಸೆರಗು. ಕಬ್ಬಿಣಕ್ಕೆ ಸೇರಿದವು ಇಂಗ್ಲಿಷ್‌ನಿಂದ ಬಂದು ನೆಲೆಯಾದವು: ಕ್ರ್ಯಾಂಕ್, ಬಾಟಮ್ ಶಾಫ್ಟ್, ಪಿಕ್ಕರ್, ಬೀಮು, ಜಕಾರ್ಡ್, ಗೇರು. ಈ ಎರಡನೇ ಗುಂಪಿಗೆ ಹೊಸ ಕನ್ನಡ ಹುಟ್ಟಿಸುವ ಆಸೆ ಬರುತ್ತದೆ. ಸುಮ್ನೆ ಬಿಟ್ಟುಬಿಡಿ. ಪಿಕ್ಕರ್‌ಗೆ 'ಪ್ರಕ್ಷೇಪಕ' ಎಂದು ಬರೆದರೆ ಫಿಟ್ಟರ್ ಅಂಗಡಿಗೆ ಹೋಗಿ ಏನು ಕೇಳಬೇಕು?

ಒಂದೇ ಭಾಗಕ್ಕೆ ಊರಿಗೊಂದು ಹೆಸರಿದ್ದರೆ ಒಂದನ್ನು ಆರಿಸಿ, ಉಳಿದದ್ದನ್ನು ಕೈಪಿಡಿಯ ಮೊದಲ ಚಿತ್ರದ ಕೆಳಗೆ ಒಮ್ಮೆ ಹೇಳಿಬಿಡಿ. ರೀಡ್ ಇದಕ್ಕೆ ಒಳ್ಳೆಯ ಉದಾಹರಣೆ. ಉತ್ತರ ಕರ್ನಾಟಕದ ಕೈಮಗ್ಗದವರಲ್ಲಿ ಫಣಿ ಎನ್ನುವವರಿದ್ದಾರೆ, ಪವರ್‌ಲೂಮ್ ಶೆಡ್‌ನಲ್ಲಿ ರೀಡ್ ಎಂದೇ ನಡೆಯುತ್ತದೆ. ಕೈಮಗ್ಗದ ಭಾಗದಲ್ಲಿ ಫಣಿ, ಪವರ್‌ಲೂಮ್ ಭಾಗದಲ್ಲಿ ರೀಡ್ ಎಂದು ಬರೆದರೂ ತಪ್ಪಿಲ್ಲ. ಆದರೆ ಒಂದೇ ಪುಟದಲ್ಲಿ ಎರಡನ್ನೂ ಬೆರೆಸಿದರೆ ಓದುವವರು ಇವು ಎರಡು ಬೇರೆ ಭಾಗ ಅಂದುಕೊಳ್ಳುತ್ತಾರೆ.

ದಾರಿ ತಪ್ಪಿಸುವ ಪದಗಳು

ಕಷ್ಟದ ಪದಗಳು ಅಷ್ಟಾಗಿ ತೊಂದರೆ ಕೊಡುವುದಿಲ್ಲ, ಗೊತ್ತಿಲ್ಲ ಎಂದು ನಾವೇ ಹೋಗಿ ಕೇಳುತ್ತೇವೆ. ತೊಂದರೆ ಬರುವುದು ಗೊತ್ತಿದೆ ಅನ್ನಿಸುವ ಪದಗಳಿಂದ.

ಟೆಂಪಲ್ ಅನ್ನೇ ನೋಡಿ. ನೇಯ್ದ ಬಟ್ಟೆ ಅಗಲದಲ್ಲಿ ಕುಗ್ಗದಂತೆ ಎರಡೂ ಅಂಚನ್ನು ಎಳೆದು ಹಿಡಿಯುವ ಸಾಧನ ಅದು. ಕೈಮಗ್ಗದಲ್ಲಿ ಎರಡು ತುದಿಗೆ ಸಣ್ಣ ಮುಳ್ಳಿರುವ ಅಡ್ಡಕಡ್ಡಿ, ಪವರ್‌ಲೂಮ್‌ನಲ್ಲಿ ಎರಡು ಬದಿಗೂ ಮುಳ್ಳುಬಳೆಗಳು. ಮಗ್ಗ ನೋಡದವರು ಅನುವಾದಿಸಿದರೆ ದೇವಸ್ಥಾನವನ್ನು ಸರಿಹೊಂದಿಸಿ ಎಂದು ಬರೆದುಬಿಡುತ್ತಾರೆ. ಇದು ನಗು ತರಿಸುವ ತಪ್ಪು, ಆದ್ದರಿಂದ ಅಪಾಯ ಕಡಿಮೆ. ಯಾರಾದರೂ ಹಿಡಿದೇ ಹಿಡಿಯುತ್ತಾರೆ.

ಶೆಡ್ ಹಾಗಲ್ಲ. ನಮ್ಮಲ್ಲಿ ಶೆಡ್ ಎಂದರೆ ಮಗ್ಗಗಳನ್ನು ಹಾಕಿರುವ ಕಟ್ಟಡ. ಕೈಪಿಡಿಯಲ್ಲಿ ಶೆಡ್ ಎಂದರೆ ಹಾಸಿನ ಎಳೆಗಳು ಮೇಲೆ ಕೆಳಗೆ ಬೇರೆಯಾದಾಗ ಲಾಳಿ ಹೋಗಲು ಆಗುವ ತೆರಪು. 'ಕ್ಲಿಯರ್ ಶೆಡ್' ಇರಬೇಕು ಎಂಬ ಮಾತು 'ಶೆಡ್ ಸ್ವಚ್ಛವಾಗಿರಬೇಕು' ಎಂದಾಗುತ್ತದೆ. ಈ ವಾಕ್ಯದಲ್ಲಿ ಓದುವವರಿಗೆ ಏನೂ ವಿಚಿತ್ರ ಕಾಣುವುದಿಲ್ಲ. ಶೆಡ್ ಗುಡಿಸಿ ಬಂದು ಮಗ್ಗ ಓಡಿಸುತ್ತಾರೆ, ಲಾಳಿ ಮತ್ತೆ ಹಾರುತ್ತದೆ. ನಾನು ಇಲ್ಲಿ 'ಹಾಸಿನ ಬಾಯಿ' ಎಂದು ಬರೆಯುತ್ತೇನೆ. ಮೊದಲ ಸಲ ಬರುವಾಗ 'ಮೇಲಿನ ಎಳೆಗಳಿಗೂ ಕೆಳಗಿನ ಎಳೆಗಳಿಗೂ ನಡುವೆ ಲಾಳಿ ಹೋಗುವ ಜಾಗ' ಎಂದು ಬಿಡಿಸಿ ಹೇಳಿ, ಪಕ್ಕದಲ್ಲಿ ಚಿತ್ರ ಹಾಕಿದರೆ ಸಾಕು. ನಿಮ್ಮ ಊರಿನ ನೇಕಾರರಲ್ಲಿ ಇದಕ್ಕೆ ಬೇರೆ ಮಾತಿದ್ದರೆ ಅದೇ ಮೇಲು.

ಸೈಜ್ ಕೂಡ ಇದೇ ಜಾತಿ. ಹಾಸಿನ ಎಳೆಗಳಿಗೆ ಹಾಕುವ ಗಂಜಿ ಎಂಬ ಅರ್ಥದಲ್ಲಿ ಬಂದಾಗ ಅದನ್ನು 'ಗಾತ್ರ' ಎಂದು ಮಾಡಿದರೆ 'ಗಾತ್ರ ಒಣಗಿದ ಮೇಲೆ' ಎಂಬ ವಾಕ್ಯ ಹುಟ್ಟುತ್ತದೆ. ಇನ್ನು 'ಫಾಸ್ಟ್ ರೀಡ್'. ಇಲ್ಲಿ ಫಾಸ್ಟ್ ಎಂದರೆ ವೇಗ ಅಲ್ಲ, ಅಲುಗದಂತೆ ಕೂರಿಸಿದ್ದು. ಇದರ ಎದುರು 'ಲೂಸ್ ರೀಡ್'. ಲಾಳಿ ಹಾಸಿನ ನಡುವೆ ಸಿಕ್ಕಿಕೊಂಡರೆ ಲೂಸ್ ರೀಡ್ ಹಿಂದಕ್ಕೆ ಸರಿದು ಎಳೆಗಳು ಹರಿಯದಂತೆ ಕಾಪಾಡುತ್ತದೆ. ಫಾಸ್ಟ್ ರೀಡ್ ಮಗ್ಗದಲ್ಲಿ ರೀಡ್ ಸರಿಯುವುದಿಲ್ಲ. ಲಾಳಿ ತಾನು ಹೋಗಿ ನಿಲ್ಲಬೇಕಾದ ಪೆಟ್ಟಿಗೆಯನ್ನು ತಲುಪದಿದ್ದರೆ ಒಂದು ಕಬ್ಬಿಣದ ನಾಲಿಗೆ ಹೋಗಿ ಅಡ್ಡಗಟ್ಟೆಗೆ ಬಡಿದು ಮಗ್ಗವನ್ನೇ ದಢಾರನೆ ನಿಲ್ಲಿಸುತ್ತದೆ. ಇಂಗ್ಲಿಷ್‌ನಲ್ಲಿ ಆ ನಾಲಿಗೆಯ ಹೆಸರು ಕಠಾರಿ, ಆ ಗಟ್ಟೆಯ ಹೆಸರು ಕಪ್ಪೆ! ಕನ್ನಡದಲ್ಲಿ ಪ್ರಾಣಿ, ಆಯುಧ ಎರಡೂ ಬೇಡ. ಡ್ಯಾಗರ್, ಫ್ರಾಗ್ ಎಂದು ಹೆಸರಾಗಿಯೇ ಇಟ್ಟು, ಕೆಲಸ ಏನೆಂದು ಒಂದು ವಾಕ್ಯ ಬರೆಯಿರಿ. ನಿಮ್ಮ ಕೈಪಿಡಿಯಲ್ಲಿ ಎರಡೂ ಬಗೆಯ ಮಗ್ಗದ ರಿಪೇರಿ ಇದ್ದರೆ ಪ್ರತಿ ಪುಟದ ತಲೆಯಲ್ಲೂ ಇದು ಯಾವ ಬಗೆಯದು ಎಂದು ಹಾಕಿ. ಇಲ್ಲದ ಡ್ಯಾಗರ್ ಅನ್ನು ಹುಡುಕುತ್ತಾ ಯಾರೂ ಮಗ್ಗದ ಕೆಳಗೆ ಮಲಗುವ ಹಾಗಾಗಬಾರದು.

ಪಿಕ್ ಎಂಬ ಪದಕ್ಕೆ ಕೈಪಿಡಿಯಲ್ಲೇ ಎರಡು ಅರ್ಥ. ಹೊಕ್ಕಿನ ಒಂದು ಎಳೆಯೂ ಪಿಕ್, ಲಾಳಿಯನ್ನು ಹೊಡೆದು ಕಳಿಸುವ ಕೆಲಸವೂ ಪಿಕ್. 'ಇಂಚಿಗೆ ಇಷ್ಟು ಪಿಕ್' ಎಂದಾಗ 'ಹೊಕ್ಕಿನ ಎಳೆ' ಎಂದು, 'ಪಿಕ್ ಬಲ ಕಡಿಮೆಯಾಗಿದೆ' ಎಂದಾಗ 'ಲಾಳಿಯ ಹೊಡೆತ' ಎಂದು ಬೇರೆ ಬೇರೆ ಬರೆಯಿರಿ. ಕಂಪ್ಯೂಟರಿನಲ್ಲಿ ಒಂದೇ ಸಲಕ್ಕೆ ಹುಡುಕಿ ಬದಲಿಸುವ ಸೌಕರ್ಯ ಇಲ್ಲಿ ಶತ್ರು.

ಎಡ ಯಾವುದು, ಮೇಲೆ ಯಾವುದು

ನೇಯುವವರು ಮಗ್ಗದ ಮುಂದೆ ನಿಲ್ಲುತ್ತಾರೆ, ಫಿಟ್ಟರ್ ಎಷ್ಟೋ ಸಲ ಹಿಂದೆ ಹಾಸು ಸುತ್ತಿದ ಬೀಮಿನ ಕಡೆ ಕೂತಿರುತ್ತಾರೆ. ಒಬ್ಬರ ಎಡ ಇನ್ನೊಬ್ಬರ ಬಲ. 'ಈ ಪುಸ್ತಕದಲ್ಲಿ ಎಡ, ಬಲ ಎಂದರೆ ನೇಯುವವರು ಮಗ್ಗದ ಮುಂದೆ ನಿಂತಾಗಿನ ಎಡ, ಬಲ' ಎಂದು ಶುರುವಿನಲ್ಲಿ ಒಮ್ಮೆ ಹೇಳಿ. ಮೂಲ ಕೈಪಿಡಿಯೂ ಹಾಗೇ ಎಣಿಸಿದೆಯೇ ಎಂದು ಚಿತ್ರಗಳನ್ನು ನೋಡಿ ಖಚಿತ ಮಾಡಿಕೊಂಡ ಮೇಲೆ ಮಾತ್ರ.

ಇದಕ್ಕಿಂತ ಸೂಕ್ಷ್ಮ, ರೀಡ್ ಅನ್ನು ಹಿಂದೆ ಮುಂದೆ ಆಡಿಸುವ ಕ್ರ್ಯಾಂಕ್‌ನ ಜಾಗ. ಮಗ್ಗದಲ್ಲಿ ಯಾವ ಕೆಲಸ ಯಾವಾಗ ಆಗಬೇಕು ಎಂಬುದನ್ನು ಕೈಪಿಡಿಗಳು ಕ್ರ್ಯಾಂಕ್ ಸುತ್ತಿನ ಲೆಕ್ಕದಲ್ಲಿ ಹೇಳುತ್ತವೆ. ಕ್ರ್ಯಾಂಕ್ ಶಾಫ್ಟ್ ಒಂದು ಸುತ್ತು ತಿರುಗಿದರೆ ಹೊಕ್ಕಿನ ಒಂದು ಎಳೆ ಬೀಳುತ್ತದೆ. ಅಷ್ಟರಲ್ಲಿ ಬಾಟಮ್ ಶಾಫ್ಟ್ ಅರ್ಧ ಸುತ್ತು ಮಾತ್ರ ತಿರುಗಿರುತ್ತದೆ. 'ಶಾಫ್ಟ್ ಒಂದು ಸುತ್ತು ತಿರುಗಿಸಿ' ಎಂದಷ್ಟೇ ಬರೆದರೆ ಯಾವ ಶಾಫ್ಟ್ ಎಂಬ ಪ್ರಶ್ನೆ ಉಳಿಯುತ್ತದೆ. ಇಂಗ್ಲಿಷ್‌ನಲ್ಲಿ ಹೇಳದಿದ್ದರೂ ನೀವು ಹೇಳಬೇಕು.

ಕೈಪಿಡಿಗಳು ಸಾಮಾನ್ಯವಾಗಿ ಎಣಿಕೆ ಶುರು ಮಾಡುವುದು ಮುಂದಿನ ಕೇಂದ್ರದಿಂದ, ಅಂದರೆ ರೀಡ್ ಬಂದು ಬಟ್ಟೆಗೆ ಬಡಿಯುವ ಕ್ಷಣದಿಂದ. ಅದು 0 ಡಿಗ್ರಿ. ಅಲ್ಲಿಂದ 180 ಡಿಗ್ರಿವರೆಗೆ ರೀಡ್ ಹಿಂದಕ್ಕೆ ಹೋಗುತ್ತದೆ, ಆಮೇಲೆ ಮುಂದಕ್ಕೆ ಬರುತ್ತದೆ. ಪಠ್ಯಗಳಲ್ಲಿ ಕಾಣುವ ಮಾದರಿ ಮಗ್ಗದಲ್ಲಿ ಕ್ರ್ಯಾಂಕ್ ಮುಂದಿನಿಂದ ಕೆಳಕ್ಕೆ, ಕೆಳಗಿನಿಂದ ಹಿಂದಕ್ಕೆ, ಹಿಂದಿನಿಂದ ಮೇಲಕ್ಕೆ ತಿರುಗುತ್ತದೆ. ಲಾಳಿಗೆ ಹೊಡೆತ ಬೀಳುವುದು ಕ್ರ್ಯಾಂಕ್ ಕೆಳಗಿರುವ ಹೊತ್ತಿನ ಆಸುಪಾಸಿನಲ್ಲಿ, ಸುಮಾರು 90 ಡಿಗ್ರಿಯಲ್ಲಿ. ಅನುವಾದದಲ್ಲಿ ಡಿಗ್ರಿಯನ್ನು ಹಾಗೇ ಉಳಿಸಿ, ಜೊತೆಗೆ ಕಣ್ಣಿಗೆ ಕಾಣುವ ಗುರುತೊಂದನ್ನು ಕೊಡಿ: 'ರೀಡ್ ಬಟ್ಟೆಗೆ ತಾಗಿ ನಿಂತಿದೆ', 'ರೀಡ್ ಅರ್ಧ ಹಿಂದೆ ಹೋಗಿದೆ', 'ರೀಡ್ ಪೂರ್ತಿ ಹಿಂದಿದೆ' ಎಂಬ ಹಾಗೆ. ಶೆಡ್‌ನಲ್ಲಿ ಕೋನಮಾಪಕ ಇಟ್ಟುಕೊಂಡು ಯಾರೂ ಕೆಲಸ ಮಾಡುವುದಿಲ್ಲ. ಬೇರೆ ಪುಸ್ತಕದ ಡಿಗ್ರಿ ಪಟ್ಟಿಯನ್ನು ತಂದು ಸೇರಿಸಲು ಮಾತ್ರ ಹೋಗಬೇಡಿ. ತಿರುಗುವ ದಿಕ್ಕು ಬೇರೆ ಇದ್ದರೆ ಮೇಲಿನದು ಕೆಳಗಾಗುತ್ತದೆ. ರೇಷ್ಮೆಗೆ ಹೊಂದಿಸಿದ ಮಗ್ಗದಲ್ಲಿ ಹಾಸಿನ ಬಾಯಿ ತೆರೆಯುವ ಹೊತ್ತು ಹತ್ತಿಯ ಮಗ್ಗದಂತೆಯೇ ಇರಬೇಕೆಂದೂ ಇಲ್ಲ.

ಒಂದು ಪುಟವನ್ನು ಪೂರ್ತಿ ಮಾಡಿ ನೋಡೋಣ

ಲಾಳಿ ಹಾರುವುದರ ಬಗ್ಗೆ ಇಂಗ್ಲಿಷ್ ಕೈಪಿಡಿಗಳಲ್ಲಿ ಬರುವ ಒಂದು ವಾಕ್ಯದ ಮಾದರಿ ಇದು. ಪದಕ್ಕೆ ಪದ ಇಟ್ಟರೆ ಹೀಗಾಗುತ್ತದೆ:

'ಶೆಡ್‌ನ ಸಮಯವು ಪರಿಶೀಲಿಸಲ್ಪಟ್ಟು, ಪಿಕ್ಕರ್ ಮತ್ತು ರೇಸ್ ಬೋರ್ಡ್‌ಗಳ ಸವೆತವು ನಿವಾರಿಸಲ್ಪಡುವವರೆಗೆ ಪಿಕಿಂಗ್ ಪಟ್ಟಿಯ ಬಿಗಿತವನ್ನು ಹೆಚ್ಚಿಸುವ ಮೂಲಕ ಲಾಳಿಯ ಹಾರುವಿಕೆಯನ್ನು ಸರಿಪಡಿಸಲು ಪ್ರಯತ್ನಿಸತಕ್ಕದ್ದಲ್ಲ.'

ರೇಸ್ ಬೋರ್ಡ್ ಎಂದರೆ ಲಾಳಿ ಓಡುವ ಹಲಗೆ, ಪಿಕಿಂಗ್ ಪಟ್ಟಿ ಎಂದರೆ ಪಿಕ್ಕರ್ ಅನ್ನು ಎಳೆಯುವ ಪಟ್ಟಿ. ವ್ಯಾಕರಣದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಕನ್ನಡದಲ್ಲಿ 'ಬೇಡ' ಎಂಬ ಮಾತು ವಾಕ್ಯದ ಕೊನೆಗೆ ಬರುತ್ತದೆ. ಒಂದು ಕೈಯಲ್ಲಿ ಸ್ಪ್ಯಾನರ್ ಹಿಡಿದು ಓದುವವರಿಗೆ ಮೊದಲು ಕಾಣುವುದು 'ಪಟ್ಟಿಯ ಬಿಗಿತ ಹೆಚ್ಚಿಸುವ' ಎಂಬ ಭಾಗ. ಇಂಥದ್ದೇ ಒಂದು ಪುಟ ಓದಿದ ಫಿಟ್ಟರ್ ಒಬ್ಬರು ಹೇಳಿದ್ದು ನೆನಪಿದೆ: "ಸಾರ್, ನಾನು ಬಿಗಿ ಮಾಡಿ ಆದ್ಮೇಲೆ ನೋಡ್ತೀನಿ, ಮಾಡ್ಬಾರ್ದು ಅಂತ ಬರೆದಿದೆ." ಆದ್ದರಿಂದ ಬೇಡದ್ದನ್ನು ಬೇರೆ ವಾಕ್ಯ ಮಾಡಿ, ಕೆಲಸ ಶುರುವಾಗುವ ಮೊದಲೇ ಇಡಬೇಕು. ಉಳಿದದ್ದನ್ನು ಕೈ ನಡೆಯುವ ಕ್ರಮದಲ್ಲಿ ಬಿಡಿಸಬೇಕು. ನಾನು ಬರೆಯುವುದು ಹೀಗೆ:

ಲಾಳಿ ಹಾರುತ್ತಿದೆ ಎಂದು ತಕ್ಷಣ ಪಿಕಿಂಗ್ ಪಟ್ಟಿ ಬಿಗಿ ಮಾಡಬೇಡಿ. ಮೊದಲು ಇವನ್ನು ನೋಡಿ.

1. ಮೋಟಾರಿನ ಸ್ವಿಚ್ ಆರಿಸಿ. ಬೇರೆ ಯಾರೂ ಹಾಕದಂತೆ ಪಕ್ಕದವರಿಗೆ ಹೇಳಿ. ಮುಂದಿನ ಕೆಲಸಗಳಿಗೆಲ್ಲ ಮಗ್ಗವನ್ನು ಕೈಯಿಂದಲೇ ತಿರುಗಿಸಿ.

2. ಲಾಳಿ ಯಾವ ಕಡೆಯಿಂದ ಹೊರಟಾಗ ಹಾರಿತು ಎಂದು ನೇಯುವವರನ್ನು ಕೇಳಿ. ಯಾವಾಗಲೂ ಒಂದೇ ಕಡೆಯಿಂದ ಹೊರಟಾಗ ಹಾರುತ್ತಿದ್ದರೆ ಆ ಕಡೆಯ ಪಿಕ್ಕರ್ ಮತ್ತು ಲಾಳಿ ಪೆಟ್ಟಿಗೆಯನ್ನು ಮೊದಲು ನೋಡಿ. ಎರಡೂ ಕಡೆಯಿಂದ ಹಾರುತ್ತಿದ್ದರೆ ಹಾಸಿನ ಬಾಯಿಯನ್ನು ಮೊದಲು ನೋಡಿ.

3. ಮಗ್ಗದ ಬದಿಯಲ್ಲಿ ಬಗ್ಗಿ ಹಾಸಿನ ಬಾಯಿಯೊಳಗೆ ನೋಡಿ. ನಡುವೆ ತುಂಡಾದ, ಜೋತುಬಿದ್ದ ಅಥವಾ ಒಂದಕ್ಕೊಂದು ಅಂಟಿಕೊಂಡ ಎಳೆ ಇದ್ದರೆ ಬಿಡಿಸಿ. ಲಾಳಿ ಹೊರಡುವ ಹೊತ್ತಿಗೆ ಬಾಯಿ ಲಾಳಿಗೆ ಸಾಕಷ್ಟು ತೆರೆದಿರಬೇಕು. ಕೆಳಗಿನ ಎಳೆಗಳು ರೇಸ್ ಬೋರ್ಡಿನಿಂದ ಮೇಲೆದ್ದು ನಿಂತಿರಬಾರದು.

4. ಪಿಕ್ಕರ್‌ನಲ್ಲಿ ಲಾಳಿಯ ಮೊನೆ ಬಡಿದು ಆದ ಗುಳಿ ನೋಡಿ. ಗುಳಿ ಅಗಲವಾಗಿದ್ದರೆ ಅಥವಾ ಒಂದು ಬದಿಗೆ ಸರಿದಿದ್ದರೆ ಪಿಕ್ಕರ್ ಬದಲಿಸಿ.

5. ನೇರವಾದ ಪಟ್ಟಿಯೊಂದನ್ನು ರೀಡ್‌ಗೂ ಲಾಳಿ ಪೆಟ್ಟಿಗೆಯ ಹಿಂಬದಿಗೂ ಸೇರಿಸಿ ಹಿಡಿಯಿರಿ. ಎರಡೂ ಒಂದೇ ಸಾಲಿನಲ್ಲಿರಬೇಕು. ರೇಸ್ ಬೋರ್ಡ್ ಮೇಲೂ ಪಟ್ಟಿ ಇಟ್ಟು ಸವೆದು ತಗ್ಗಾಗಿದೆಯೇ ನೋಡಿ.

6. ಮಗ್ಗವನ್ನು ನಿಧಾನವಾಗಿ ತಿರುಗಿಸಿ. ಪಿಕ್ಕರ್ ಲಾಳಿಯನ್ನು ತಳ್ಳಲು ಶುರು ಮಾಡಿದಾಗ ಕ್ರ್ಯಾಂಕ್ ಎಲ್ಲಿದೆ ನೋಡಿ. ನಿಮ್ಮ ಮಗ್ಗಕ್ಕೆ ಹೇಳಿದ ಜಾಗಕ್ಕಿಂತ ಹಿಂದೆ ಮುಂದೆ ಇದ್ದರೆ ಹೊತ್ತು ಸರಿಮಾಡಿ.

7. ಇವೆಲ್ಲ ಸರಿ ಇದ್ದೂ ಲಾಳಿಯ ಹೊಡೆತ ಮೆತ್ತಗಿದ್ದರೆ ಆಗ ಪಿಕಿಂಗ್ ಪಟ್ಟಿ ಬಿಗಿ ಮಾಡಿ.

ಇಂಗ್ಲಿಷ್‌ನ ಒಂದು ವಾಕ್ಯ ಇಷ್ಟುದ್ದ ಆಯಿತಲ್ಲ ಎಂದು ಪುಸ್ತಕ ಮಾಡಿಸುವವರು ಗೊಣಗಬಹುದು. ಈ ವಿವರಗಳೇನೂ ನನ್ನ ಸೇರ್ಪಡೆಯಲ್ಲ. ಮೂಲದಲ್ಲಿ ನಾಲ್ಕು ಬೇರೆ ಅಧ್ಯಾಯಗಳಲ್ಲಿ ಹರಡಿಕೊಂಡಿರುವುದನ್ನು ಕೆಲಸದ ಕ್ರಮಕ್ಕೆ ತಂದಿದ್ದು ಅಷ್ಟೇ. ನೀವು ಹೀಗೆ ಕ್ರಮ ಬದಲಿಸಿದಾಗಲೆಲ್ಲ ಆ ಪುಟವನ್ನು ಅನುಭವಸ್ಥ ಫಿಟ್ಟರ್‌ಗೆ ತೋರಿಸಿ ಒಪ್ಪಿಗೆ ಪಡೆಯಬೇಕು, ಅದರಲ್ಲಿ ರಾಜಿ ಇಲ್ಲ.

ಮೂರನೇ ಹೆಜ್ಜೆಯಲ್ಲಿ ರೇಷ್ಮೆಯವರಿಗಾಗಿ ಒಂದು ಮಾತು ಸೇರಿಸುವುದು ಒಳ್ಳೆಯದು. ಮೂಲ ಕೈಪಿಡಿ ಹತ್ತಿಯ ಮಗ್ಗವನ್ನು ಮನಸ್ಸಿನಲ್ಲಿಟ್ಟು ಬರೆದದ್ದಾಗಿರಬಹುದು. 20/22 ಡೆನಿಯರ್‌ನಷ್ಟು ಸಣ್ಣ ರೇಷ್ಮೆ ಎಳೆ ತುಂಡಾಗಿ ಜೋತುಬಿದ್ದರೆ ಮೇಲಿನ ಬೆಳಕಿನಲ್ಲಿ ಕಾಣುವುದೇ ಕಷ್ಟ. ಬದಿಯಿಂದ ಟಾರ್ಚ್ ಹಿಡಿದರೆ ಕಾಣುತ್ತದೆ. ಎಣ್ಣೆಯ ವಿಷಯದಲ್ಲೂ ಹೀಗೇ. 'ಧಾರಾಳವಾಗಿ ಎಣ್ಣೆ ಬಿಡಿ' ಎಂಬ ಮಾತನ್ನು ಹಾಗೇ ತಂದರೆ ಸೀರೆಯ ಮೇಲೆ ಕಲೆ ಬೀಳುತ್ತದೆ. 'ಎಣ್ಣೆ ಬಿಟ್ಟ ಮೇಲೆ ತೊಟ್ಟಿಕ್ಕುವುದನ್ನು ಒರೆಸಿ, ಆಮೇಲೆ ಮಗ್ಗ ಓಡಿಸಿ' ಎಂದು ಸೇರಿಸಿ. ಹಳೆಯ ಕೈಪಿಡಿಯಾದರೆ ಪಿಕ್ಕರ್ ಅನ್ನು ಹಾಕುವ ಮೊದಲು ಎಣ್ಣೆಯಲ್ಲಿ ನೆನೆಸಿಡಿ ಎಂದೂ ಇರುತ್ತದೆ. ಅದು ಚರ್ಮದ ಪಿಕ್ಕರ್‌ನ ಕಾಲದ ಮಾತು, ನೈಲಾನ್ ಪಿಕ್ಕರ್‌ಗೆ ಬೇಕಾಗಿಲ್ಲ. ಇಂಥ ಕಡೆ ಸುಮ್ಮನೆ ಅಳಿಸಿಬಿಡಬೇಡಿ. 'ಚರ್ಮದ ಪಿಕ್ಕರ್ ಆದರೆ' ಎಂಬ ಮೂರು ಪದ ಮುಂದೆ ಹಾಕಿದರೆ ಕೆಲಸ ಆಯಿತು. ನೀವು ಸೇರಿಸಿದ ಮಾತುಗಳೆಲ್ಲ ಮೂಲದ್ದಲ್ಲ ಎಂದು ಗೊತ್ತಾಗುವಂತೆ ಬೇರೆ ಚೌಕದಲ್ಲಿ ಇಡಿ.

ಅಂದ ಹಾಗೆ, ಈ ಪುಟವನ್ನು ಕೈಮಗ್ಗದ ಭಾಗಕ್ಕೆ ನಕಲು ಮಾಡಲು ಬರುವುದಿಲ್ಲ. ಗುಂಡಿಯಲ್ಲಿ ಕಾಲಿಳಿಸಿ ನೇಯುವ ಕುಣಿಮಗ್ಗದಲ್ಲಿ ಹಗ್ಗ ಎಳೆದು ಲಾಳಿ ಓಡಿಸುವುದೂ, ಹಲಗೆ ತುಳಿದು ಹಾಸಿನ ಬಾಯಿ ತೆರೆಯುವುದೂ ನೇಯುವವರೇ. ಹೊತ್ತು ತಪ್ಪುವುದು ಅಲ್ಲಿ ಕೈ ಮತ್ತು ಕಾಲಿನ ನಡುವೆ. ಅಲ್ಲಿ 'ಹಲಗೆ ಪೂರ್ತಿ ತುಳಿದ ಮೇಲೆ ಹಗ್ಗ ಎಳೆಯಿರಿ' ಎಂದರೆ ಮುಗಿಯಿತು.

ಅಳತೆಗಳು

ಅಂಕಿಗಳನ್ನು ಹಾಗೇ ಇಳಿಸಿದರಾಯಿತು ಅನ್ನಿಸುತ್ತದೆ, ಅಲ್ವಾ? ಬಡಗಿಗಳು, ಫಿಟ್ಟರ್‌ಗಳ ಬಾಯಲ್ಲಿ 'ಒಂದು ನೂಲು' ಎಂದರೆ ಇಂಚಿನ ಎಂಟನೇ ಒಂದು ಭಾಗ, ಸುಮಾರು 3 ಮಿಲಿಮೀಟರ್. ನೇಕಾರರ ಬಾಯಲ್ಲಿ ನೂಲು ಎಂದರೆ ನೂಲೇ. 'ಎರಡು ನೂಲಿನಷ್ಟು ಸಂದು ಬಿಡಿ' ಎಂದು ಬರೆದರೆ ಒಬ್ಬರು 6 ಮಿಲಿಮೀಟರ್ ಬಿಡುತ್ತಾರೆ, ಇನ್ನೊಬ್ಬರು ಕೂದಲೆಳೆಯಷ್ಟು ಬಿಡುತ್ತಾರೆ. ಮಗ್ಗದ ಪುಸ್ತಕದಲ್ಲಿ ಆ ಅಳತೆಯ ಪದವನ್ನೇ ಬಳಸಬೇಡಿ. ಮಿಲಿಮೀಟರ್ ಬರೆದು, ಪಕ್ಕದಲ್ಲಿ ಇಂಚನ್ನೂ ಕೊಡಿ.

ಡೆನಿಯರ್ ಮತ್ತು ಕೌಂಟ್ ಒಂದೇ ಪಟ್ಟಿಯಲ್ಲಿ ಬಂದರೆ ಎಚ್ಚರ. ಡೆನಿಯರ್ ಎಂದರೆ 9000 ಮೀಟರ್ ಎಳೆಯ ತೂಕ ಎಷ್ಟು ಗ್ರಾಂ ಎಂಬುದು, ಅಂಕಿ ಜಾಸ್ತಿಯಾದಷ್ಟೂ ಎಳೆ ದಪ್ಪ. ಹತ್ತಿಯ ಕೌಂಟ್‌ನಲ್ಲಿ ಅಂಕಿ ಜಾಸ್ತಿಯಾದಷ್ಟೂ ಎಳೆ ಸಣ್ಣ. 'ಹೆಚ್ಚಿನ ಸಂಖ್ಯೆಯ ನೂಲಿಗೆ' ಎಂದು ಎರಡಕ್ಕೂ ಸೇರಿಸಿ ಬರೆದರೆ ಅರ್ಧದಷ್ಟು ಓದುಗರಿಗೆ ತಿರುಗುಮುರುಗು ಆಗುತ್ತದೆ. 'ಸಣ್ಣ ಎಳೆಗೆ', 'ದಪ್ಪ ಎಳೆಗೆ' ಎಂದೇ ಹೇಳಿ. ರೀಡ್‌ನ ನಂಬರಿಗೂ ಅಷ್ಟೇ. ಸ್ಟಾಕ್‌ಪೋರ್ಟ್ ಲೆಕ್ಕದಲ್ಲಿ ನಂಬರ್ ಎಂದರೆ 2 ಇಂಚಿಗೆ ಎಷ್ಟು ಸಂದು ಎಂಬುದು. 60ರ ರೀಡ್‌ನಲ್ಲಿ ಇಂಚಿಗೆ 30 ಸಂದು, ಸಂದಿಗೆ ಎರಡು ಎಳೆ ಹಾಕಿದರೆ ಇಂಚಿಗೆ 60 ಎಳೆ. ಮೂಲ ಯಾವ ಲೆಕ್ಕ ಹಿಡಿದಿದೆ ಎಂದು ನೋಡಿ ಪಟ್ಟಿಯ ತಲೆಯಲ್ಲೇ ಬರೆಯಿರಿ.

ಮಗ್ಗದ ಮುಂದೆ ಓದಿಸಿ

ಕರಡು ಮುಗಿದ ಮೇಲೆ ಅದನ್ನು ಹೊಸ ಫಿಟ್ಟರ್ ಒಬ್ಬರಿಗೆ ಕೊಡಿ, ಪದಗಳನ್ನು ಹೇಳಿಕೊಟ್ಟ ಹಳಬರಿಗಲ್ಲ. ಹಳಬರು ಪುಟ ನೋಡದೆಯೇ ಕೆಲಸ ಮಾಡಿಬಿಡುತ್ತಾರೆ, ನಿಮ್ಮ ಬರಹ ಪಾಸಾಯಿತೋ ಇಲ್ಲವೋ ತಿಳಿಯುವುದಿಲ್ಲ. ಹೊಸಬರು ನಿಂತ ಮಗ್ಗದ ಮುಂದೆ ಪುಟ ಓದುತ್ತಾ ಒಂದೊಂದೇ ಹೆಜ್ಜೆ ಮಾಡಲಿ, ಹಳಬರು ಪಕ್ಕದಲ್ಲಿ ಕಾವಲಿರಲಿ. ನೀವು ಬಾಯಿ ಮುಚ್ಚಿಕೊಂಡು ನೋಡಿ. ಕೈ ಎಲ್ಲಿ ನಿಂತಿತು, ಯಾವ ಸಾಲನ್ನು ಎರಡು ಸಲ ಓದಿದರು, ಯಾವ ಭಾಗವನ್ನು ತಪ್ಪಾಗಿ ಮುಟ್ಟಿದರು ಎಂಬುದನ್ನಷ್ಟೇ ಬರೆದುಕೊಳ್ಳಿ. "ಅರ್ಥ ಆಯ್ತಾ?" ಎಂದು ಕೇಳಬೇಡಿ. ಎಲ್ಲರೂ ಆಯ್ತು ಎಂದೇ ಹೇಳುತ್ತಾರೆ.

ನೇಯುವವರಿಗೂ ಮೆಕ್ಯಾನಿಕ್‌ಗೂ ಒಂದೇ ಪುಸ್ತಕ ಎಂದಿದ್ದರೆ ಈ ಹಂತದಲ್ಲಿ ಬೇರೆ ಮಾಡುವುದೂ ಸುಲಭ. ಎರಡು ಮತ್ತು ಮೂರನೇ ಹೆಜ್ಜೆಯಲ್ಲಿ ಕೇಳುವುದು, ನೋಡುವುದು, ಎಳೆ ಬಿಡಿಸುವುದು ನೇಯುವವರೂ ಮಾಡಬಹುದಾದ ಕೆಲಸ. ಆರನೆಯದು ಫಿಟ್ಟರ್‌ನದು. ಆದರೆ ಎಷ್ಟೋ ಮನೆಗಳಲ್ಲಿ ನೇಯುವವರೇ ಫಿಟ್ಟರ್ ಕೂಡ. ಆದ್ದರಿಂದ ಪುಸ್ತಕ ಎರಡು ಮಾಡುವುದಕ್ಕಿಂತ ಹೆಜ್ಜೆಯ ಪಕ್ಕದಲ್ಲಿ ಗುರುತು ಹಾಕುವುದು ನನಗೆ ಹೆಚ್ಚು ಸರಿ ಕಾಣುತ್ತದೆ.

ಕೊನೆಗೆ ಅಚ್ಚಿನ ವಿಷಯ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನು ಪ್ರೆಸ್‌ನವರು ತಮ್ಮ ಹಳೆಯ ಫಾಂಟಿಗೆ ಬದಲಿಸಿಕೊಂಡಾಗ 'ಪವರ್‌ಲೂಮ್' ಹೋಗಿ 'ಪವರ್ಲೂಮ್' ಆಗಬಹುದು, ಕ್ರ್ಯಾಂಕ್‌ನ ಒತ್ತು ಎಲ್ಲೋ ಹೋಗಿ ಕೂರಬಹುದು. ಮೊದಲ ಪ್ರೂಫ್‌ನಲ್ಲಿ ಬರೀ ಎರವಲು ಪದಗಳನ್ನು ಮತ್ತು ಭಿನ್ನರಾಶಿಗಳನ್ನು ಒಂದು ಸುತ್ತು ನೋಡಿ. 1/8 ಇಂಚಿನ ಗೆರೆ ಬಿಟ್ಟುಹೋದರೆ ಅದು 18 ಇಂಚು ಆಗುತ್ತದೆ. ಬಿಡಿಭಾಗಗಳ ನಂಬರನ್ನು ಮೂಲದಲ್ಲಿ ಇದ್ದ ಹಾಗೇ, ಅದೇ ಅಕ್ಷರದಲ್ಲಿ ಬಿಡಿ. ಅಂಗಡಿಯವರು ಹುಡುಕುವುದು ಕಬ್ಬಿಣದ ಮೇಲೆ ಒತ್ತಿರುವ ಆ ಗುರುತನ್ನೇ. ಲಾಳಿ ಹಾರುವ ಪುಟವನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಬೇರೆ ಹಾಳೆಯಾಗಿ ಅಚ್ಚು ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ ಕೊಡಿ. ಎಣ್ಣೆ ಕೈಯಲ್ಲಿ ಮುಟ್ಟಿದರೂ ಒರೆಸಿದರೆ ಹೋಗುತ್ತದೆ, ಸ್ವಿಚ್ ಬೋರ್ಡಿನ ಪಕ್ಕ ತೂಗುಹಾಕಲೂಬಹುದು.